ಬಾಟಲಿಯಲ್ಲಿ ಹೊಸತು, ಚಕ್ರದಲ್ಲಿ ಹಳತು: ಬ್ರೇಕ್ ಆಯಿಲ್ ಬೆರೆಸುವ ಬಗ್ಗೆ ಒಂದಿಷ್ಟು

(ಉಡುಪಿಯಲ್ಲಿ ಟ್ಯಾಕ್ಸಿ ಚಾಲಕರು ಮತ್ತು ಸಣ್ಣ ಗ್ಯಾರೇಜ್‌ನವರ ಎದುರು ಆಡಿದ ಮಾತುಗಳ ಬರಹ ರೂಪ)

ನಮಸ್ಕಾರ. ಬರುವ ಮೊದಲೇ ಇಬ್ಬರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ದಾರೆ: "ಡಾಟ್ 3 ಇರುವ ಗಾಡಿಗೆ ಡಾಟ್ 4 ಹಾಕಬಹುದಾ, ಸರ್? ಎರಡೂ ಬೆರೆತರೆ ಏನಾದರೂ ಆಗ್ತದಾ?" ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೆರೆಸಬಹುದು, ಏನೂ ಆಗುವುದಿಲ್ಲ. ಆದರೆ "ಏನೂ ಆಗುವುದಿಲ್ಲ" ಎನ್ನುವುದರೊಳಗೆ ಕೆಟ್ಟ ಸುದ್ದಿಯೂ ಉಂಟು: ಹಾಗೆ ಬೆರೆಸಿದ್ದರಿಂದ ಒಳ್ಳೆಯದೂ ಹೆಚ್ಚೇನು ಆಗುವುದಿಲ್ಲ. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡಬ್ಬದ ಮೇಲಿನ ಈ ಡಾಟ್ ಅಂಕಿಗಳು ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದಿಂದ ಬಂದವು. ಅದು ಒಂದೊಂದು ದರ್ಜೆಗೂ ಎರಡು ಕುದಿಯುವ ಬಿಂದುಗಳನ್ನು ಕಟ್ಟಿಕೊಟ್ಟಿದೆ. ಮೊದಲನೆಯದು ಒಣ ಬಿಂದು, ಅಂದರೆ ಸೀಲ್ ಒಡೆದ ಕೂಡಲೆ ಹೊಸ ಆಯಿಲ್ ಕುದಿಯುವ ಉಷ್ಣತೆ. ಎರಡನೆಯದು ತೇವದ ಬಿಂದು, ಅಂದರೆ ಆಯಿಲ್‌ನಲ್ಲಿ ಸುಮಾರು 3.7 ಶೇಕಡ ನೀರು ಸೇರಿದ ಮೇಲೆ ಅದು ಕುದಿಯುವ ಉಷ್ಣತೆ. ಡಾಟ್ 3ಕ್ಕೆ ಒಣಗಿದ್ದಾಗ ಕನಿಷ್ಠ 205 ಡಿಗ್ರಿ, ತೇವದಲ್ಲಿ 140. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಇವೆಲ್ಲ ಕನಿಷ್ಠ ಮಿತಿಗಳು. ಒಳ್ಳೆಯ ಕಂಪನಿಯ ಮಾಲು ಇದಕ್ಕಿಂತ ಮೇಲೆಯೇ ಇರುತ್ತದೆ.

ಈ ಅಂಕಿಗಳಲ್ಲಿ ನೀವು ನಿಜವಾಗಿ ನೋಡಬೇಕಾದದ್ದು ಎರಡನೆಯದನ್ನು. ಅಂಗಡಿಯವರು ಮೊದಲನೆಯದನ್ನು ತೋರಿಸಿ ಮಾರುತ್ತಾರೆ, ಗಾಡಿ ಓಡುವುದು ಎರಡನೆಯದರ ಹತ್ತಿರ. ತೇವಗೊಂಡ ಡಾಟ್ 4, ಹೊಸ ಡಾಟ್ 3ಕ್ಕಿಂತ ಐವತ್ತು ಡಿಗ್ರಿ ಮೊದಲೇ ಕುದಿಯುತ್ತದೆ. ಹಾಗಿರುವಾಗ ಮೂರೋ ನಾಲ್ಕೋ ಎನ್ನುವುದಕ್ಕಿಂತ ಹೊಸತೋ ಹಳತೋ ಎನ್ನುವುದೇ ದೊಡ್ಡ ಪ್ರಶ್ನೆ.

ನೀರು ಎಲ್ಲಿಂದ ಬರುತ್ತದೆ? ಡಾಟ್ 3, 4, 5.1 ಮೂರೂ ಗ್ಲೈಕಾಲ್ ಜಾತಿಯವು, ಗಾಳಿಯ ತೇವವನ್ನು ತಾವಾಗಿ ಎಳೆದುಕೊಳ್ಳುವ ಸ್ವಭಾವದವು. ಬಾನೆಟ್ಟಿನ ಕೆಳಗೆ ಬ್ರೇಕ್ ಆಯಿಲ್ ತುಂಬುವ ಬಾಟಲಿಯ ಮುಚ್ಚಳದಲ್ಲಿ ಗಾಳಿ ಆಡಲು ಇಟ್ಟಿರುವ ಸಂದಿನಿಂದ ಬರುವುದು ಒಂದು ದಾರಿ. ಇನ್ನೊಂದು ದಾರಿ ಜನರಿಗೆ ಅಷ್ಟಾಗಿ ಗೊತ್ತಿಲ್ಲ: ಚಕ್ರದ ಹತ್ತಿರದ ರಬ್ಬರ್ ಹೋಸ್. ರಬ್ಬರ್ ಗೋಡೆಯ ಮೂಲಕ ನೀರಿನ ಆವಿ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಮುಚ್ಚಳ ಎಷ್ಟು ಗಟ್ಟಿ ಹಾಕಿದರೂ ಇದನ್ನು ತಡೆಯಲಾಗದು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಗಾಡಿ ಓಡಿದರೂ ಶೆಡ್ಡಿನಲ್ಲಿ ನಿಂತರೂ ತೇವ ಏರುತ್ತಲೇ ಇರುತ್ತದೆ. ಆದ್ದರಿಂದ ಕಿಲೋಮೀಟರ್ ಕಡಿಮೆ ಓಡಿದೆ ಎನ್ನುವುದು ಬ್ರೇಕ್ ಆಯಿಲ್ ವಿಷಯದಲ್ಲಿ ಸಮಾಧಾನದ ಮಾತಲ್ಲ.

ಇನ್ನೊಂದು ವಿಷಯ. ನೀರು ಸೇರಿದಂತೆ ಕುದಿಯುವ ಬಿಂದು ಒಂದೇ ಸಮನಾಗಿ ಇಳಿಯುವುದಿಲ್ಲ. ಮೊದಲ ಒಂದೆರಡು ಶೇಕಡ ನೀರೇ ಬಹುಪಾಲು ಇಳಿಕೆಯನ್ನು ತಂದುಬಿಡುತ್ತದೆ, ಆಮೇಲೆ ಇಳಿಕೆ ನಿಧಾನ. ಇದನ್ನು ನೆನಪಿಟ್ಟುಕೊಳ್ಳಿ, ಬೆರೆಸುವ ಮಾತಿಗೆ ಬಂದಾಗ ಬೇಕಾಗುತ್ತದೆ.

ಈಗ ಆಗುಂಬೆಗೆ ಹೋಗೋಣ. ಒಂದು ಸಾಧಾರಣ ಕಾರು, ಐದು ಜನ, ಡಿಕ್ಕಿ ತುಂಬ ಸಾಮಾನು: ಒಟ್ಟು 1400 ಕಿಲೋ ಎಂದಿಟ್ಟುಕೊಳ್ಳಿ. ಮೇಲಿನಿಂದ ಸೋಮೇಶ್ವರಕ್ಕೆ ಸುಮಾರು 500 ಮೀಟರ್ ಇಳಿತ. ಅಷ್ಟು ತೂಕ ಅಷ್ಟು ಕೆಳಗೆ ಬಂದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 69 ಲಕ್ಷ ಜೂಲ್. ಇದು ಇಪ್ಪತ್ತಮೂರು ಲೀಟರ್ ನೀರನ್ನು ನಮ್ಮೂರ ಸೆಕೆಯ 30 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಸಾಕು. ಇದರಲ್ಲಿ ಸುಮಾರು ಕಾಲು ಭಾಗ ಟಯರ್ ಉರುಳುವುದರಲ್ಲಿ ಹೋಗುತ್ತದೆ ಎನ್ನೋಣ. ಗಾಡಿ ನ್ಯೂಟ್ರಲ್‌ನಲ್ಲಿದ್ದರೆ ಉಳಿದದ್ದೆಲ್ಲ ಬ್ರೇಕಿನ ಪಾಲು, ಅದರಲ್ಲೂ ಮುಕ್ಕಾಲು ಹತ್ತಿರ ಮುಂದಿನ ಎರಡು ಡಿಸ್ಕ್‌ಗಳಿಗೆ. ಎರಡೂ ಸೇರಿ ಹತ್ತು ಹನ್ನೊಂದು ಕಿಲೋ ಕಬ್ಬಿಣ. ಗಾಳಿ ಒಂಚೂರೂ ಶಾಖ ಒಯ್ಯದೆ ಹೋದರೆ ಅವು 700 ಡಿಗ್ರಿ ಏರಬೇಕಿತ್ತು. ಗಾಳಿ ಒಯ್ಯುತ್ತದೆ, ಆದ್ದರಿಂದ ಅಷ್ಟಾಗುವುದಿಲ್ಲ. ಆದರೆ ಕಾಲನ್ನು ಬ್ರೇಕ್ ಮೇಲೇ ಇಟ್ಟುಕೊಂಡು ಇಳಿದರೆ ಡಿಸ್ಕ್ ಮುನ್ನೂರರ ಆಸುಪಾಸು ಮುಟ್ಟುವುದು ಅಪರೂಪವೇನಲ್ಲ. ಎರಡನೇ ಗೇರಿನಲ್ಲಿ ಇಳಿದರೆ ಶಕ್ತಿಯ ದೊಡ್ಡ ಪಾಲನ್ನು ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಉಳಿಸುತ್ತೇನೆಂದು ಘಾಟಿಯಲ್ಲಿ ನ್ಯೂಟ್ರಲ್ ಮಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ನಡೆಸಲು ಹೋಗುತ್ತಲೇ ಇರುತ್ತದೆ.

ಡಿಸ್ಕ್ ಮುನ್ನೂರು ಡಿಗ್ರಿ ಇದ್ದರೆ ಆಯಿಲ್ ಕೂಡ ಮುನ್ನೂರು ಅಂತಲ್ಲ. ನಡುವೆ ಪ್ಯಾಡ್ ಇದೆ, ಪ್ಯಾಡಿನ ಹಿಂದಿನ ತಗಡು ಇದೆ, ಪಿಸ್ಟನ್ ಇದೆ. ಶಾಖ ಇವನ್ನೆಲ್ಲ ದಾಟಿ ಬರಲು ಹೊತ್ತು ಬೇಕು. ಈ ಹೊತ್ತಿನಲ್ಲೇ ಮೋಸ ಇರುವುದು. ಘಾಟಿ ಇಳಿಯುವಾಗ ಗಾಳಿ ಬೀಸುತ್ತಿರುತ್ತದೆ, ಆಯಿಲ್ ತಡೆದುಕೊಳ್ಳುತ್ತದೆ. ಕೆಳಗೆ ಬಂದು ಚಾ ಕುಡಿಯಲು ನಿಲ್ಲಿಸಿದ ಕೂಡಲೆ ಗಾಳಿ ನಿಂತಿತು. ಡಿಸ್ಕಿನ ಶಾಖಕ್ಕೆ ಹೋಗಲು ಬೇರೆ ದಾರಿಯಿಲ್ಲದೆ ಕ್ಯಾಲಿಪರಿನೊಳಗೆ ನುಗ್ಗುತ್ತದೆ. ಐದು ಹತ್ತು ನಿಮಿಷದಲ್ಲಿ ಆಯಿಲ್ ತನ್ನ ಅತಿ ಹೆಚ್ಚಿನ ಬಿಸಿ ಮುಟ್ಟುವುದು ಗಾಡಿ ನಿಂತಿರುವಾಗ.

ಹೀಗೇ ಆದ ಒಂದು ಪ್ರಕರಣ ಹೇಳುತ್ತೇನೆ. ಬ್ರಹ್ಮಾವರ ಕಡೆಯ ಒಬ್ಬರ ಟ್ಯಾಕ್ಸಿ. ಶೃಂಗೇರಿಯಿಂದ ಜನ ತುಂಬಿಕೊಂಡು ಬಂದು ಸೋಮೇಶ್ವರದಲ್ಲಿ ಚಾಕ್ಕೆ ನಿಲ್ಲಿಸಿದ್ದರು. ಹೊರಟು ಹೆಬ್ರಿ ಕಡೆ ಮೊದಲ ಸಲ ಬ್ರೇಕ್ ಒತ್ತಿದಾಗ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಬುದ್ಧಿವಂತರು. ಪಟಪಟನೆ ನಾಲ್ಕೈದು ಸಲ ಒತ್ತಿದರು, ಗೇರ್ ಇಳಿಸಿದರು, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪ ಎಳೆದು ಬದಿಗೆ ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ ನಡೆಯುವುದರಿಂದ ಅದಕ್ಕೆ ಆಯಿಲ್ ಕುದಿದದ್ದು ಗೊತ್ತೇ ಇರುವುದಿಲ್ಲ. ಒಂದು ಗಂಟೆ ಕಳೆದ ಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಏನೂ ಆಗಿಯೇ ಇಲ್ಲವೆಂಬಂತೆ.

ಯಾಕೆ ಹೀಗೆ? ಪೆಡಲ್ ಒತ್ತಿ ಹಿಡಿದಿರುವಾಗ ಲೈನಿನೊಳಗೆ ಒತ್ತಡ ಬಹಳ, ಆ ಒತ್ತಡದಲ್ಲಿ ಆಯಿಲ್ ಕುದಿಯುವುದಿಲ್ಲ. ಕಾಲು ತೆಗೆದ ಕ್ಷಣ ಒತ್ತಡ ಇಳಿಯುತ್ತದೆ, ಆಗ ಅದರಲ್ಲಿರುವ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಮುಂದಿನ ಸಲ ಒತ್ತಿದಾಗ ನಿಮ್ಮ ಕಾಲಿನ ಬಲ ಪ್ಯಾಡಿಗೆ ಹೋಗದೆ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ತಣಿದ ಮೇಲೆ ಆವಿ ಮತ್ತೆ ಆಯಿಲ್‌ಗೆ ಸೇರಿಕೊಳ್ಳುತ್ತದೆ, ಸಾಕ್ಷಿ ಉಳಿಯುವುದಿಲ್ಲ. ಇದನ್ನು ಪ್ಯಾಡ್ ಸುಟ್ಟು ಹಿಡಿತ ಬಿಡುವುದರ ಜೊತೆ ಗೊಂದಲ ಮಾಡಬೇಡಿ. ಪ್ಯಾಡ್ ಬಿಸಿಯಾಗಿ ಸೋತಾಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ, ಜೊತೆಗೆ ಸುಟ್ಟ ವಾಸನೆ. ಆಯಿಲ್ ಕುದಿದಾಗ ಪೆಡಲೇ ಕೆಳಗೆ ಹೋಗುತ್ತದೆ. ಗ್ರಾಹಕರು ಬಂದಾಗ "ಬ್ರೇಕ್ ಹಿಡೀಲಿಲ್ಲ" ಎಂದಷ್ಟೇ ಹೇಳುತ್ತಾರೆ. ಪೆಡಲ್ ಗಟ್ಟಿ ಇತ್ತಾ, ಒಳಗೆ ಹೋಯ್ತಾ ಎಂದು ನೀವೇ ಕೇಳಿ ತಿಳಿಯಬೇಕು.

ಆ ಟ್ಯಾಕ್ಸಿ ಮೊದಲು ಹೋದ ಗ್ಯಾರೇಜಿನಲ್ಲಿ ಸೋರಿಕೆ ಹುಡುಕಿದರು, ಇರಲಿಲ್ಲ. ಪ್ಯಾಡ್ ಸವೆದಿತ್ತು, ಬದಲಿಸಿದರು. ಮೇಲಿನ ಬಾಟಲಿಯ ಹಳೆ ಆಯಿಲನ್ನು ಸಿರಿಂಜಿನಲ್ಲಿ ಎಳೆದು ತೆಗೆದು ಹೊಸ ಡಾಟ್ 4 ತುಂಬಿಸಿ, ಆಯಿಲ್ ಚೇಂಜ್ ಮಾಡಿದ್ದೇವೆ ಎಂದು ಬಿಲ್ಲು ಕೊಟ್ಟರು. ಮುಂದಿನ ಸಲ ಘಾಟಿ ಇಳಿದಾಗ ಮತ್ತೆ ಅದೇ ಕಥೆ. ಆಮೇಲೆ ನನ್ನಲ್ಲಿಗೆ ಬಂತು.

ಬಾಟಲಿಯಲ್ಲಿ ನೋಡಿದರೆ ಆಯಿಲ್ ಜೇನಿನ ಬಣ್ಣ, ಸ್ವಚ್ಛ. ಕುದಿಸಿ ಅಳೆಯುವ ಟೆಸ್ಟರ್ 220ರ ಹತ್ತಿರ ತೋರಿಸಿತು. ಇದರಲ್ಲಿ ತಪ್ಪು ಹುಡುಕುವವರಿಲ್ಲ. ಮುಂದಿನ ಎಡ ಚಕ್ರದ ಬ್ಲೀಡರ್ ನಿಪ್ಪಲ್ ಸಡಿಲಿಸಿ ಮೊದಲು ಬಂದದ್ದನ್ನು ಬೇರೆ ಹಿಡಿದೆ. ಕಾಫಿ ಡಿಕಾಕ್ಷನ್ ಬಣ್ಣ, ಕುದಿಯುವ ಬಿಂದು 148. ಡಾಟ್ 4ರ ತೇವದ ಮಿತಿ 155, ಅದಕ್ಕಿಂತಲೂ ಕೆಳಗೆ. ಒಂದೇ ಗಾಡಿ, ಒಂದೇ ಲೈನ್, ಎರಡು ತುದಿಯಲ್ಲಿ ಎಪ್ಪತ್ತು ಡಿಗ್ರಿ ವ್ಯತ್ಯಾಸ.

ಎಂಜಿನ್ ಆಯಿಲ್ ಹಾಗೆ ಬ್ರೇಕ್ ಆಯಿಲ್ ಸುತ್ತು ಹೊಡೆಯುವುದಿಲ್ಲ, ಇದೇ ಇಲ್ಲಿಯ ಗುಟ್ಟು. ಲೆಕ್ಕ ಹಾಕಿ ನೋಡಿ. ಮುಂದಿನ ಕ್ಯಾಲಿಪರ್ ಪಿಸ್ಟನ್ 54 ಮಿಲಿಮೀಟರ್ ಅಗಲದ್ದು ಎಂದಿಟ್ಟುಕೊಳ್ಳಿ. ಪಿಸ್ಟನ್ ಒಂದು ಮಿಲಿಮೀಟರ್ ಮುಂದೆ ಬಂದರೆ ಅದರ ಹಿಂದೆ ತುಂಬಲು ಬೇಕಾದ ಆಯಿಲ್ ಎರಡೂಕಾಲು ಮಿಲಿಲೀಟರ್‌ಗೆ ಸ್ವಲ್ಪ ಜಾಸ್ತಿ, ಅಷ್ಟೆ. ದಿನಾ ನೀವು ಬ್ರೇಕ್ ಒತ್ತುವಾಗ ಪಿಸ್ಟನ್ ಅಷ್ಟೂ ಚಲಿಸುವುದಿಲ್ಲ. ಒತ್ತಿದಾಗ ಚೂರು ಮುಂದೆ, ಬಿಟ್ಟಾಗ ಅದೇ ಚೂರು ಹಿಂದೆ. ಕ್ಯಾಲಿಪರಿನೊಳಗಿನ ಆಯಿಲ್ ಅಲ್ಲೇ ಕೂತಿರುತ್ತದೆ. ವರ್ಷಗಟ್ಟಲೆ ಅತಿ ಹೆಚ್ಚು ಬಿಸಿ ಕಾಣುವುದು ಅದು, ರಬ್ಬರ್ ಹೋಸಿನ ಪಕ್ಕದಲ್ಲಿದ್ದು ನೀರು ಕುಡಿಯುವುದೂ ಅದೇ. ಪ್ಯಾಡ್ ಸವೆಯುತ್ತ ಹೋದಂತೆ ಮೇಲಿನದು ಹನಿ ಹನಿಯಾಗಿ ಕೆಳಗಿಳಿಯುತ್ತದೆ ನಿಜ. ಆದರೆ ಹೊಸ ಪ್ಯಾಡ್ ಹಾಕಲು ಪಿಸ್ಟನನ್ನು ಹಿಂದೆ ಒತ್ತಿದಾಗ ಅಷ್ಟೂ ಮೇಲಕ್ಕೆ ಹೋಗುತ್ತದೆ. ಬಾಟಲಿಯಲ್ಲಿ ಹೊಸತು ತುಂಬಿದರೂ ಚಕ್ರಕ್ಕೆ ಅದು ತಲುಪುವುದೇ ಇಲ್ಲ.

ಈಗ ಬೆರೆಸುವ ಪ್ರಶ್ನೆಗೆ ಬರೋಣ. ಡಾಟ್ 3, 4, 5.1 ಮೂರೂ ಒಂದಕ್ಕೊಂದು ಕರಗುತ್ತವೆ. ಡಾಟ್ 4 ಮತ್ತು 5.1ರಲ್ಲಿ ಬೋರೇಟ್ ಎಸ್ಟರ್ ಸೇರಿಸಿರುತ್ತಾರೆ, ಒಳಬಂದ ನೀರಿನ ಒಂದಷ್ಟನ್ನು ಅದು ಕಟ್ಟಿಹಾಕುತ್ತದೆ, ಆದ್ದರಿಂದ ತೇವದ ಬಿಂದು ಮೇಲೆ ಉಳಿಯುತ್ತದೆ. ಸೀಲುಗಳಿಗೆ ಇದರಿಂದ ತೊಂದರೆಯಿಲ್ಲ. ತುರ್ತಿನಲ್ಲಿ ಲೆವೆಲ್ ಇಳಿದಿದ್ದರೆ ಕೈಗೆ ಸಿಕ್ಕಿದ ಡಾಟ್ 3 ಹಾಕಿ ಮನೆ ಸೇರಿ, ಅಪಾಯವಿಲ್ಲ. ಆದರೆ ಹಳತಿಗೆ ಹೊಸತನ್ನು ಅರ್ಧಕ್ಕರ್ಧ ಬೆರೆಸಿದರೆ ಬಿಂದು ನಡುವೆ ನಿಲ್ಲುತ್ತದೆ ಎಂದು ತಿಳಿಯಬೇಡಿ. 3.7 ಶೇಕಡ ನೀರಿರುವುದಕ್ಕೆ ಸಮಪಾಲು ಒಣ ಆಯಿಲ್ ಸೇರಿಸಿದರೆ 1.85 ಶೇಕಡ ನೀರು ಉಳಿಯಿತು. ಮೊದಲ ಒಂದೆರಡು ಶೇಕಡವೇ ಬಹುಪಾಲು ಇಳಿಸಿಬಿಡುತ್ತದೆ ಎಂದೆನಲ್ಲ, ಆ ಕಾರಣಕ್ಕೆ ಬಿಂದು ಕೆಳಗಿನದರ ಕಡೆಗೇ ವಾಲುತ್ತದೆ. ಹಳೆಯದಕ್ಕೆ ದುಬಾರಿ 5.1 ಹೊಯ್ಯುವುದು ದುಡ್ಡು ಚೆಲ್ಲಿದ ಹಾಗೆ. ಅದರ ಬದಲು ಎಲ್ಲ ತೆಗೆದು ಪೂರ್ತಿ ಡಾಟ್ 4 ಹಾಕಿದರೆ ಘಾಟಿಗೆ ಧಾರಾಳ ಸಾಕು.

ನಮ್ಮ ಕಡೆಯವರಿಗೆ 5.1 ಬೇಕೇ ಎಂದು ಕೇಳುವವರಿದ್ದಾರೆ. ಅದರ ಇನ್ನೊಂದು ಲಾಭ ಎಂದರೆ ಕೊರೆಯುವ ಚಳಿಯಲ್ಲೂ ತೆಳ್ಳಗಿರುವುದು, ಎಬಿಎಸ್ ಕವಾಟಗಳು ವೇಗವಾಗಿ ಆಡುವುದಕ್ಕೆ ಒಳ್ಳೆಯದು. ಮಾನದಂಡದಲ್ಲಿ ಅದನ್ನು ಅಳೆಯುವುದು ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಉಡುಪಿಯಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ. ಗಾಡಿಯ ಪುಸ್ತಕದಲ್ಲಿ ತೆಳ್ಳಗಿನ ಡಾಟ್ 4 ಬೇಕೆಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದನ್ನೇ ಹಾಕಿ, ಎಬಿಎಸ್ ಘಟಕವನ್ನು ಅದರ ಲೆಕ್ಕದಲ್ಲಿ ಮಾಡಿರುತ್ತಾರೆ.

ಡಾಟ್ 5 ಮಾತ್ರ ಬೇರೆಯೇ ಜಾತಿ. ಅದು ಸಿಲಿಕೋನ್. ಗುರುತಿಗೆಂದು ನೇರಳೆ ಬಣ್ಣ ಹಾಕಿರುತ್ತಾರೆ. 5.1ರ ಅಂಕಿ ಐದಕ್ಕೆ ಹತ್ತಿರ ಇದ್ದರೂ ಅದು ಗ್ಲೈಕಾಲ್ ಬಳಗದ್ದೇ, ಇವೆರಡಕ್ಕೂ ಸಂಬಂಧವಿಲ್ಲ. ಸಿಲಿಕೋನ್ ನೀರನ್ನು ಕರಗಿಸಿಕೊಳ್ಳುವುದಿಲ್ಲ. ಇದು ಒಳ್ಳೆಯದಲ್ಲವೇ ಎನ್ನಬಹುದು. ಅಲ್ಲ, ಒಳಬಂದ ನೀರು ಬಿಡಿ ಹನಿಯಾಗಿಯೇ ಉಳಿದು, ತಗ್ಗಿರುವ ಕ್ಯಾಲಿಪರಿನಲ್ಲಿ ಹೋಗಿ ಕೂರುತ್ತದೆ. ಅಲ್ಲಿ ತುಕ್ಕು ಹಿಡಿಸುತ್ತದೆ, ನೂರು ಡಿಗ್ರಿಗೇ ಕುದಿಯುತ್ತದೆ. ಗಾಳಿಗುಳ್ಳೆಯನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಎಬಿಎಸ್ ಗಾಡಿಗೆ ಬೇಡವೇ ಬೇಡ. ಗ್ಲೈಕಾಲ್ ಜೊತೆ ಬೆರೆಸಿದರೆ ಎರಡೂ ಬೇರೆ ಬೇರೆ ನಿಲ್ಲುತ್ತವೆ. ಹಳೆಯ ಹಾರ್ಲೆ ಡೇವಿಡ್ಸನ್ ಬೈಕುಗಳಲ್ಲಿ ಇದು ಬರುತ್ತಿತ್ತು. ಅಂಥದ್ದೇನಾದರೂ ನಿಮ್ಮಲ್ಲಿಗೆ ಬಂದರೆ ಮೊದಲು ಬಾಟಲಿಯ ಮುಚ್ಚಳದ ಮೇಲೆ ಬರೆದದ್ದನ್ನು ಓದಿ.

ಇದಕ್ಕಿಂತಲೂ ಕೆಟ್ಟದ್ದು ಹುಡುಗರು ಅವಸರದಲ್ಲಿ ಪವರ್ ಸ್ಟೀರಿಂಗ್ ಆಯಿಲನ್ನೋ ಎಂಜಿನ್ ಆಯಿಲನ್ನೋ ಬ್ರೇಕ್ ಬಾಟಲಿಗೆ ಹಾಕಿಬಿಡುವುದು. ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ. ಮೊದಲ ಗುರುತು ಬಾಟಲಿಯ ಮುಚ್ಚಳದೊಳಗಿನ ರಬ್ಬರಿನಲ್ಲೇ ಕಾಣುತ್ತದೆ, ಅದು ಹಿಗ್ಗಿ ಜಾಗದಲ್ಲಿ ಕೂರದಂತೆ ಆಗಿರುತ್ತದೆ. ಆಮೇಲೆ ಬ್ರೇಕ್ ಹಿಡಿದದ್ದು ಬಿಡುವುದಿಲ್ಲ. ಹಾಗಾದರೆ ತೊಳೆದು ಸರಿಮಾಡುವ ಮಾತಿಲ್ಲ, ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಹೋಸ್, ಸೀಲ್ ಎಲ್ಲ ಬದಲಿಸಬೇಕು.

ನಿಮ್ಮಲ್ಲಿ ಕೆಲವರ ಜೇಬಿನಲ್ಲಿ ಪೆನ್ನಿನಂಥ ಟೆಸ್ಟರ್ ಕಾಣುತ್ತಿದೆ. ಅದು ಆಯಿಲ್‌ನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ ನೀರಿನ ಅಂದಾಜು ಹೇಳುತ್ತದೆ. ಆಯಿಲ್‌ನ ಕಂಪನಿ ಬದಲಾದರೆ ಅಂದಾಜೂ ಬದಲಾಗುತ್ತದೆ. ಕೆಂಪು ದೀಪ ಬಂದರೆ ನಂಬಿ, ಹಸಿರು ಬಂದರೆ ನಂಬಬೇಡಿ. ಅದ್ದುವುದು ಬಾಟಲಿಗೆ, ಕಷ್ಟ ಇರುವುದು ಚಕ್ರದಲ್ಲಿ. ಬಣ್ಣವನ್ನೂ ಒಂದೇ ಗುರುತಾಗಿ ಹಿಡಿಯಬೇಡಿ, ಸ್ವಚ್ಛ ಕಾಣುವ ಆಯಿಲ್‌ನಲ್ಲೂ ನೀರು ಇರಬಹುದು. ನನ್ನ ಮಟ್ಟಿಗೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು, ಘಾಟಿ ಬಾಡಿಗೆ ಹೆಚ್ಚು ಇದ್ದರೆ ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ.

ಪೂರ್ತಿ ಎಂದರೆ ನಾಲ್ಕೂ ಚಕ್ರದ ನಿಪ್ಪಲಿನಿಂದ. ಮೇಲಿನ ಹಳೆಯದನ್ನು ಮೊದಲು ಸಿರಿಂಜಿನಲ್ಲಿ ತೆಗೆಯಿರಿ, ಇಲ್ಲದಿದ್ದರೆ ಅದನ್ನೇ ಲೈನಿಗೆ ತಳ್ಳುತ್ತೀರಿ. ಹೊಸತು ತುಂಬಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಕ್ರಮದಲ್ಲಿ ಒಂದೊಂದೇ ಚಕ್ರ ಬ್ಲೀಡ್ ಮಾಡಿ, ಪ್ರತಿ ಚಕ್ರದಲ್ಲೂ ಹೊಸ ಬಣ್ಣ ಬರುವ ತನಕ. ಕಾರಿಗೆ ಒಂದು ಲೀಟರ್ ಇಟ್ಟುಕೊಂಡರೆ ಸಾಕಾಗುತ್ತದೆ. ನಡುವೆ ಬಾಟಲಿ ಖಾಲಿಯಾಗಿ ಗಾಳಿ ಎಳೆದುಕೊಂಡರೆ ಮೊದಲಿನಿಂದ ಕೆಲಸ, ಎಬಿಎಸ್ ಘಟಕಕ್ಕೆ ಗಾಳಿ ಹೊಕ್ಕರಂತೂ ಹಲವು ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸದೆ ಬರುವುದಿಲ್ಲ. ಹಳೆಯ ಗಾಡಿಯಲ್ಲಿ ಪೆಡಲನ್ನು ನೆಲದ ತನಕ ಒತ್ತಬೇಡಿ. ದಿನಾ ಓಡಾಡದ ಜಾಗದಲ್ಲಿ ಮಾಸ್ಟರ್ ಸಿಲಿಂಡರಿನ ಒಳಗೋಡೆ ಒರಟಾಗಿರುತ್ತದೆ, ಸೀಲಿನ ಅಂಚು ಅದರ ಮೇಲೆ ಹೋಗಿ ಹರಿಯುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಆಯಿತು.

ಆ ಟ್ಯಾಕ್ಸಿಗೆ ಇಷ್ಟೇ ಮಾಡಿದ್ದು. ಬೇರೆ ಒಂದು ಸಾಮಾನೂ ಬದಲಿಸಲಿಲ್ಲ. ಕೊನೆಯಲ್ಲಿ ಚಕ್ರದ ನಿಪ್ಪಲಿನಿಂದಲೇ ಸ್ವಲ್ಪ ಹಿಡಿದು ಮತ್ತೆ ಕುದಿಸಿ ನೋಡಿದೆ, 230ರ ಮೇಲೆ ಬಂತು.

ಕೊನೆಗೆ ಒಬ್ಬರು ಕೇಳಿದರು: "ಅರ್ಧ ಉಳಿದ ಡಬ್ಬ ಮುಂದಿನ ಗಾಡಿಗೆ ಆಗ್ತದಲ್ಲ?" ಮುಚ್ಚಳ ಬಿಗಿ ಹಾಕಿಟ್ಟು ಆ ವಾರದೊಳಗೆ ಇನ್ನೊಂದು ಗಾಡಿಗೆ ಮುಗಿಸುವುದಾದರೆ ನಾನೇನೂ ಹೇಳುವುದಿಲ್ಲ. ಜುಲೈಯಲ್ಲಿ ತೆರೆದು ಡಿಸೆಂಬರ್‌ಗೆ ಇಟ್ಟ ಡಬ್ಬವನ್ನು ನಾನು ಹಾಕುವುದಿಲ್ಲ. ಡಬ್ಬದೊಳಗೆ ಉಳಿದ ಗಾಳಿಯಲ್ಲಿಯೂ, ಪ್ರತಿ ಸಲ ಮುಚ್ಚಳ ತೆರೆದಾಗಲೂ ನೀರೇ ಸೇರುವುದು. ಅದಕ್ಕೇ ಒಂದು ಲೀಟರಿನ ಬದಲು ಕಾಲು ಲೀಟರ್, ಅರ್ಧ ಲೀಟರ್ ಡಬ್ಬಗಳನ್ನೇ ತನ್ನಿ. ಚಕ್ರದಿಂದ ಬ್ಲೀಡ್ ಮಾಡಿದ್ದನ್ನು ಸೋಸಿ ಮತ್ತೆ ಹಾಕುವವರನ್ನೂ ಕಂಡಿದ್ದೇನೆ. ಸೋಸಿದರೆ ಕಸ ಹೋಗುತ್ತದೆ, ನೀರು ಹೋಗುವುದಿಲ್ಲ. ಮತ್ತೆ, ಆಯಿಲ್ ಪೇಂಟಿನ ಮೇಲೆ ಚೆಲ್ಲಿದರೆ ಬಟ್ಟೆಯಿಂದ ಉಜ್ಜಬೇಡಿ, ಪೇಂಟೇ ಎದ್ದು ಬರುತ್ತದೆ. ತಕ್ಷಣ ಬಕೆಟ್ ನೀರು ಹೊಯ್ಯಿರಿ, ಗ್ಲೈಕಾಲ್ ನೀರಿಗೆ ಕರಗಿ ಹೋಗುತ್ತದೆ.